ಮೈನಸ್ ದೂರು, ನಲವತ್ತೇಳು ಫೋನ್: ಕಲಬುರಗಿಯ ಒಂದು ಇಂಟರ್ನೆಟ್ ಕಂಪನಿಯ ದೂರಿನ ಲೆಕ್ಕ

ಕಲಬುರಗಿ ನಗರ ಮತ್ತು ಸುತ್ತಲಿನ ತಾಲೂಕುಗಳಲ್ಲಿ ಮನೆ, ಅಂಗಡಿಗಳಿಗೆ ಫೈಬರ್ ಇಂಟರ್ನೆಟ್ ಕೊಡುವ ಒಂದು ಚಿಕ್ಕ ಖಾಸಗಿ ಕಂಪನಿಯ ಪ್ರಕರಣ ಇದು. ಕಂಪನಿಯ ಹೆಸರಾಗಲಿ, ಜನರ ಹೆಸರಾಗಲಿ ಇಲ್ಲಿ ಇಲ್ಲ. ಯಾರದೆಂದು ಗೊತ್ತಾಗಬಾರದು ಅಂತ ಅಂಕಿಗಳನ್ನೂ ಸ್ವಲ್ಪ ಬದಲಿಸಿ, ದುಂಡಗೆ ಮಾಡಿದ್ದೇನೆ. ಆದರೆ ಲೆಕ್ಕ ಎಲ್ಲಿ ಕೈಕೊಟ್ಟಿತು, ಹೇಗೆ ಸರಿಹೋಯಿತು ಅನ್ನುವುದು ನಡೆದ ಹಾಗೆಯೇ ಇದೆ.

ಕಂಪನಿಗೆ ಏಳು ವಲಯಗಳು. ನಗರದ ದೊಡ್ಡ ವಲಯದಲ್ಲಿ 4,200 ಕನೆಕ್ಷನ್, ಚಿಂಚೋಳಿ ಕಡೆಯ ಅತಿ ಚಿಕ್ಕ ವಲಯದಲ್ಲಿ ಬರೀ 380. ಗ್ರಾಹಕರ ಫೋನ್ ಎತ್ತಲು ಒಬ್ಬ ಹೆಣ್ಣುಮಗಳಿದ್ದಾರೆ. ಬಂದ ದೂರನ್ನು ಅವರು ರಿಜಿಸ್ಟರಿನಲ್ಲಿ ಬರೆದು, ಸಂಜೆ ಎಕ್ಸೆಲ್‌ಗೆ ಹಾಕುತ್ತಾರೆ. ಏಪ್ರಿಲ್‌ನಿಂದ ಮಾರ್ಚ್‌ವರೆಗೆ ಒಂದು ಪೂರ್ತಿ ವರ್ಷದ ಲೆಕ್ಕ ಅಚ್ಚುಕಟ್ಟಾಗಿ ಇತ್ತು. ಏಳು ವಲಯ, 365 ದಿನ, ಒಟ್ಟು 2,555 ಸಾಲು. ಪ್ರತಿ ಸಾಲಿನಲ್ಲಿ ಆ ವಲಯಕ್ಕೆ ಆ ದಿನ ಬಂದ ದೂರುಗಳ ಸಂಖ್ಯೆ, ಗಾಳಿ-ಮಳೆ ಇತ್ತೋ ಇಲ್ಲವೋ, ವಾರದ ಯಾವ ದಿನ, ಎಷ್ಟು ಕನೆಕ್ಷನ್.

ಮಾಲೀಕರಿಗೆ ಎರಡು ವಿಷಯ ತಿಳಿಯಬೇಕಿತ್ತು. ಒಂದು, ನಾಳೆ ಯಾವ ವಲಯಕ್ಕೆ ಎಷ್ಟು ಜನ ಲೈನ್‌ಮನ್ ಬೇಕು. ಎರಡನೆಯದು ದುಡ್ಡಿನ ವಿಷಯ. ಅಕ್ಟೋಬರ್ ಕೊನೆಯಲ್ಲಿ ಎರಡು ವಲಯಗಳ ಮನೆಗಳಲ್ಲಿ ಹಳೆಯ ಬಾಕ್ಸ್ ತೆಗೆದು ಹೊಸ ಕಂಪನಿಯ ಬಾಕ್ಸ್ ಹಾಕಿದ್ದರು. ಅಲ್ಲಿಂದ ಈಚೆಗೆ ಆ ಕಡೆ ದೂರು ಜಾಸ್ತಿಯಾಗಿದೆ ಅನ್ನುವ ಗುಮಾನಿ ಅವರದು. ಬಾಕ್ಸ್ ಕೆಟ್ಟದ್ದು ಅಂತ ಲೆಕ್ಕದಲ್ಲಿ ತೋರಿಸಿದರೆ ಉಳಿದ ಮಾಲನ್ನು ವಾಪಸ್ ಕಳಿಸಬಹುದು, ಬಾಕಿ ಹಣ ತಡೆಯಬಹುದು.

ಮೊದಲ ಲೆಕ್ಕ

ಈ ಲೆಕ್ಕ ನೋಡಲು ನಾನು ಹೋಗುವ ಮೊದಲೇ ಅವರ ಅಕೌಂಟೆಂಟ್ ಎಕ್ಸೆಲ್‌ನಲ್ಲಿ ಸಾಮಾನ್ಯ ರಿಗ್ರೆಷನ್ ಮಾಡಿಟ್ಟಿದ್ದರು, ಅಂದರೆ ಹಳೆಯ ಸಾಲುಗಳಿಂದ ದೂರಿನ ಸಂಖ್ಯೆ ಅಂದಾಜು ಮಾಡುವ ಒಂದು ಸೂತ್ರ. ಕೆಲಸ ನೀಟಾಗಿತ್ತು. ಬಂದ ಸೂತ್ರ ಹೆಚ್ಚುಕಡಿಮೆ ಹೀಗಿತ್ತು:

```
calls = 0.2 + 0.003*conn + 4*storm - 2.1*sunday
```

ಪ್ರತಿ ಸಾವಿರ ಕನೆಕ್ಷನ್‌ಗೆ ದಿನಕ್ಕೆ ಮೂರು ದೂರು, ಗಾಳಿ-ಮಳೆ ಇದ್ದರೆ ಇನ್ನೂ ನಾಲ್ಕು, ಭಾನುವಾರ ಅಂಗಡಿ, ಆಫೀಸು ಮುಚ್ಚಿರುವುದರಿಂದ ಎರಡು ಕಡಿಮೆ. ಓದಲು ಸುಲಭ. ಆದರೆ ಚಿಕ್ಕ ವಲಯಕ್ಕೆ ಭಾನುವಾರದ ಅಂದಾಜು ಹಾಕಿದರೆ ಬಂದದ್ದು ಮೈನಸ್ 0.76.

ಹಾಳೆ ನೋಡಿದ ಮಾಲೀಕರು ಕೇಳಿದ್ದು: "ಮೈನಸ್ ಕಂಪ್ಲೇಂಟ್ ಅಂದ್ರ ಏನ್ರಿ ಸರ? ಜನ ಫೋನ್ ಮಾಡಿ ನೆಟ್ ಛಲೋ ಐತಿ ಅಂತ ಹೇಳ್ತಾರೇನ್ರಿ?"

ಮೈನಸ್ ಬಂದರೆ ಸೊನ್ನೆ ಅಂತ ಓದಿಕೊಂಡರಾಯಿತು ಅನ್ನುವುದು ಅಕೌಂಟೆಂಟರ ಉತ್ತರ. ತುಂಬ ಜನ ಹೀಗೇ ಮಾಡುತ್ತಾರೆ. ಆದರೆ ಮೈನಸ್ ಅನ್ನುವುದು ಕಣ್ಣಿಗೆ ಬೀಳುವ ತಪ್ಪು ಅಷ್ಟೇ. ಅದನ್ನು ಮುಚ್ಚಿದರೆ ಕಣ್ಣಿಗೆ ಬೀಳದ ಎರಡು ತಪ್ಪು ಹಾಗೇ ಉಳಿಯುತ್ತವೆ.

ಮೊದಲನೆಯದು ಆ 'ಇನ್ನೂ ನಾಲ್ಕು'. ಸಾಮಾನ್ಯ ರಿಗ್ರೆಷನ್ ಪರಿಣಾಮಗಳನ್ನು ಕೂಡಿಸುತ್ತದೆ. ಗಾಳಿ ಬೀಸಿದರೆ 4,200 ಕನೆಕ್ಷನ್ ಇರುವಲ್ಲಿ ನಾಲ್ಕು ಜಾಸ್ತಿ, 380 ಇರುವಲ್ಲಿಯೂ ನಾಲ್ಕೇ ಜಾಸ್ತಿ. ಇದು ಆಗುವ ಮಾತಲ್ಲ ಅಲ್ವಾ? ಗಾಳಿಗೆ ಕಂಬ ಅಲುಗಾಡುವುದು, ಜಾಯಿಂಟ್‌ಗೆ ನೀರು ಇಳಿಯುವುದು ಎಷ್ಟು ಲೈನ್ ಇದೆಯೋ ಅಷ್ಟರ ಲೆಕ್ಕದಲ್ಲಿ. ಹಾಳೆಯಲ್ಲಿ ಹಿಂದಿನ ದಿನಗಳನ್ನು ಬೇರೆ ಮಾಡಿ ನೋಡಿದಾಗ ಗಾಳಿ ದಿನ ಚಿಕ್ಕ ವಲಯದಲ್ಲಿ ಸರಾಸರಿ ಎರಡರ ಹತ್ತಿರ ದೂರು, ನಗರದಲ್ಲಿ ಇಪ್ಪತ್ತೊಂದರ ಮೇಲೆ. ಸೂತ್ರ ಹೇಳಿದ್ದು ಚಿಕ್ಕ ವಲಯಕ್ಕೆ 5.3, ನಗರಕ್ಕೆ 16.8. ಅಂದರೆ ಏಪ್ರಿಲ್-ಮೇ ತಿಂಗಳ ಗಾಳಿ ದಿನಗಳಲ್ಲಿ ಕಂಪನಿ ನಗರದ ಹುಡುಗರನ್ನು ಬೈಕ್ ಮೇಲೆ ತಾಲೂಕಿಗೆ ಕಳಿಸುತ್ತಿತ್ತು. ಅಲ್ಲಿ ಅವರಿಗೆ ಕೆಲಸ ಇರುತ್ತಿರಲಿಲ್ಲ, ಇಲ್ಲಿ ನಗರದಲ್ಲಿ ದೂರು ಮರುದಿನಕ್ಕೆ ಉಳಿಯುತ್ತಿತ್ತು.

ಎರಡನೆಯದು ಏರಿಳಿತ. ಸಾಮಾನ್ಯ ರಿಗ್ರೆಷನ್ ಒಂದು ವಿಷಯ ಒಪ್ಪಿಕೊಂಡೇ ಶುರುಮಾಡುತ್ತದೆ: ಅಂದಾಜಿನ ಸುತ್ತ ನಿಜವಾದ ಸಂಖ್ಯೆ ಎಷ್ಟು ಅಲ್ಲಾಡುತ್ತದೆ ಅನ್ನುವುದು ಎಲ್ಲ ಕಡೆ ಒಂದೇ. ದೂರಿನಂಥ ಎಣಿಕೆಗೆ ಅದು ಹೊಂದುವುದಿಲ್ಲ. ದಿನಕ್ಕೆ ಒಂದು ದೂರು ಬರುವ ಕಡೆ ಏರಿಳಿತ ಒಂದೋ ಎರಡೋ. ಹನ್ನೆರಡು ಬರುವ ಕಡೆ ಎಂಟು, ಹತ್ತು ಆಚೀಚೆ ಆಗುವುದು ಮಾಮೂಲು. ಚಿಕ್ಕ ವಲಯದಲ್ಲಿ ಒಂದು ದಿನ ಐದು ಜಾಸ್ತಿ ಬಂದರೆ ಎದ್ದು ನೋಡಬೇಕಾದ ಸಂಗತಿ. ನಗರದಲ್ಲಿ ಐದು ಜಾಸ್ತಿ ಬಂದರೆ ಯಾರೂ ತಲೆ ಎತ್ತುವುದಿಲ್ಲ. ಸಾಮಾನ್ಯ ರಿಗ್ರೆಷನ್‌ಗೆ ಎರಡೂ ಒಂದೇ ತೂಕ. ಹಾಗಾಗಿ ನಗರದ ಗದ್ದಲವೇ ಇಡೀ ಸೂತ್ರವನ್ನು ಎಳೆದಾಡುತ್ತದೆ.

ಸಾಮಾನ್ಯ ರಿಗ್ರೆಷನ್ ಎಣಿಕೆಗೆ ಯಾವತ್ತೂ ಬೇಡ ಅಂತಲೂ ಅಲ್ಲ. ಎಲ್ಲ ವಲಯ ಸೇರಿಸಿ ತಿಂಗಳ ಒಟ್ಟು ದೂರು ಮಾತ್ರ ನೋಡುವುದಿದ್ದರೆ ಸಂಖ್ಯೆಗಳು ಸೊನ್ನೆಯಿಂದ ದೂರ ಇರುತ್ತವೆ, ಒಂದಕ್ಕೊಂದು ಹತ್ತಿರ ಇರುತ್ತವೆ, ಆಗ ಅದು ನಡೆಯುತ್ತದೆ. ಇಲ್ಲಿ ಸಮಸ್ಯೆ ಹುಟ್ಟಿದ್ದು ಸಂಖ್ಯೆಗಳು ಚಿಕ್ಕವು ಇದ್ದದ್ದರಿಂದ, ವಲಯಗಳು ಒಂದಕ್ಕೊಂದು ಹತ್ತು ಪಟ್ಟಿನಷ್ಟು ಬೇರೆ ಇದ್ದದ್ದರಿಂದ.

ಒಂದು ಕೂಡಿಸಿ ಲಾಗ್ ತೆಗೆಯುವ ಉಪಾಯ

ಕೂಡಿಸುವ ಬದಲು ಗುಣಿಸುವ ಪರಿಣಾಮ ಬೇಕಾದರೆ ದೂರಿನ ಸಂಖ್ಯೆಯ ಲಾಗ್ ತೆಗೆದುಕೊಂಡು ಅದರ ಮೇಲೆ ಸಾಮಾನ್ಯ ರಿಗ್ರೆಷನ್ ಮಾಡಬಹುದಲ್ಲ ಅಂತ ಅಕೌಂಟೆಂಟ್ ಕೇಳಿದರು. ಒಳ್ಳೆಯ ಪ್ರಶ್ನೆಯೇ. ಆದರೆ ಸೊನ್ನೆಗೆ ಲಾಗ್ ಇಲ್ಲ, ಚಿಕ್ಕ ವಲಯದಲ್ಲಿ ಸೊನ್ನೆಯ ದಿನಗಳೇ ರಾಶಿ. ಅದಕ್ಕೆ ಜನ ಎಲ್ಲ ಸಂಖ್ಯೆಗೂ ಒಂದು ಕೂಡಿಸಿ ಲಾಗ್ ತೆಗೆಯುತ್ತಾರೆ. ಇಲ್ಲಿ ಅದನ್ನು ಮಾಡಿಯೇ ನೋಡಿದೆವು, ಏನಾಗುತ್ತದೆ ಅಂತ ಅವರಿಗೂ ಕಾಣಲಿ ಅಂತ.

ಗಾಳಿ ದಿನ ದೂರು ಸರಿಯಾಗಿ ಎರಡು ಪಟ್ಟಾಗುತ್ತದೆ ಅಂತ ಇಟ್ಟುಕೊಳ್ಳಿ. ನಗರದಲ್ಲಿ 12 ಇದ್ದದ್ದು 24 ಆಯಿತು. ಒಂದು ಕೂಡಿಸಿದರೆ 13 ಮತ್ತು 25, ಅಂದರೆ 1.92 ಪಟ್ಟು. ಪರವಾಗಿಲ್ಲ. ಚಿಕ್ಕ ವಲಯದಲ್ಲಿ 1 ಇದ್ದದ್ದು 2 ಆಯಿತು. ಒಂದು ಕೂಡಿಸಿದರೆ 2 ಮತ್ತು 3, ಬರೀ ಒಂದೂವರೆ ಪಟ್ಟು. ಒಂದರ ಬದಲು 0.1 ಕೂಡಿಸಿದರೆ ಅದೇ ಚಿಕ್ಕ ವಲಯ 1.91 ಪಟ್ಟು ತೋರಿಸುತ್ತದೆ. ಗಾಳಿ ಬದಲಾಗಲಿಲ್ಲ, ದೂರು ಬದಲಾಗಲಿಲ್ಲ, ನಾವು ಸುಮ್ನೆ ಆರಿಸಿಕೊಂಡ ಒಂದು ಅಂಕಿಯಿಂದ ಉತ್ತರ ಬದಲಾಯಿತು. ಇದನ್ನು ನೋಡಿದ ಮೇಲೆ ಆ ದಾರಿ ಬಿಟ್ಟೆವು.

ಪಾಯ್ಸನ್

ಎಣಿಕೆಗಳಿಗೆಂದೇ ಇರುವ ಪಾಯ್ಸನ್ ರಿಗ್ರೆಷನ್‌ನಲ್ಲೂ ಲಾಗ್ ಇದೆ, ಆದರೆ ಬೇರೆ ಜಾಗದಲ್ಲಿದೆ. ಇಲ್ಲಿ ಪ್ರತಿ ದಿನದ ಸಂಖ್ಯೆಯ ಲಾಗ್ ತೆಗೆಯುವುದಿಲ್ಲ. ಸರಾಸರಿಯ ಲಾಗ್ ಅನ್ನು ಸೂತ್ರಕ್ಕೆ ಹೊಂದಿಸುತ್ತೇವೆ. ಒಂದು ದಿನದ ದೂರು ಸೊನ್ನೆ ಇರಬಹುದು, ಸರಾಸರಿ 1.14 ಇರುತ್ತದೆ, ಅದಕ್ಕೆ ಲಾಗ್ ಧಾರಾಳವಾಗಿ ಸಿಗುತ್ತದೆ. ಅಂದಾಜು ಯಾವತ್ತೂ ಮೈನಸ್ ಆಗುವುದಿಲ್ಲ, ಯಾಕಂದರೆ ಕೊನೆಗೆ ಲಾಗ್ ಬಿಚ್ಚಿದಾಗ ಬರುವುದು ಸೊನ್ನೆಗಿಂತ ದೊಡ್ಡ ಸಂಖ್ಯೆಯೇ. ಪರಿಣಾಮಗಳೂ ತಾವಾಗಿಯೇ ಗುಣಿಸುತ್ತವೆ.

ಕನೆಕ್ಷನ್ ಸಂಖ್ಯೆಯನ್ನು ಆಫ್‌ಸೆಟ್ ಅಂತ ಕೊಟ್ಟೆವು. ಅಂದರೆ ಕನೆಕ್ಷನ್ ಎರಡು ಪಟ್ಟಾದರೆ ದೂರೂ ಎರಡು ಪಟ್ಟು ಅಂತ ನಾವೇ ಹೇಳಿಬಿಡುವುದು, ಅದರ ಗುಣಕವನ್ನು ಹುಡುಕಲು ಬಿಡುವುದಿಲ್ಲ. ಹೀಗೆ ಮಾಡಿದರೆ ಸೂತ್ರ ಮಾತಾಡುವುದು ದೂರಿನ ದರದ ಬಗ್ಗೆ. ತಿಂಗಳು ತಿಂಗಳು ಕನೆಕ್ಷನ್ ಏರುತ್ತಿದ್ದ ಈ ಕಂಪನಿಗೆ ಇದು ಬೇಕೇ ಬೇಕಿತ್ತು. ಇಲ್ಲದಿದ್ದರೆ ಗಿರಾಕಿ ಹೆಚ್ಚಾದದ್ದೇ ಸೇವೆ ಕೆಟ್ಟದ್ದರ ಹಾಗೆ ಕಾಣುತ್ತದೆ.

ಬಂದ ಉತ್ತರ: ಸಾವಿರ ಕನೆಕ್ಷನ್‌ಗೆ ದಿನಕ್ಕೆ 3 ದೂರು. ಗಾಳಿ-ಮಳೆ ದಿನ ಅದರ 1.7 ಪಟ್ಟು. ಭಾನುವಾರ 0.7 ಪಟ್ಟು. ನಗರಕ್ಕೆ ಮಾಮೂಲು ದಿನ 12.6, ಗಾಳಿ ದಿನ 21.4, ಭಾನುವಾರ 8.8. ಚಿಕ್ಕ ವಲಯಕ್ಕೆ ಇದೇ ಕ್ರಮದಲ್ಲಿ 1.1, 1.9, 0.8. ಒಂದೇ ಗುಣಕ ಎರಡು ಕಡೆಗೂ ಕೂತಿತು. ಮಾಲೀಕರು ಇದನ್ನು ನೋಡಿ ತಲೆಯಾಡಿಸಿದರು, ಯಾಕಂದರೆ ಲೈನ್‌ಮನ್‌ಗಳು ಬಾಯಲ್ಲಿ ಹೇಳುತ್ತಿದ್ದುದೂ ಇದನ್ನೇ.

ಆಮೇಲೆ ಹೊಸ ಬಾಕ್ಸ್ ಪ್ರಶ್ನೆ. ಇದಕ್ಕೆ ವಲಯ ಮತ್ತು ತಿಂಗಳನ್ನೂ ಸೂತ್ರದಲ್ಲಿ ಸೇರಿಸಿದೆವು. ಕಾರಣ ಇದೆ. ಬಾಕ್ಸ್ ಹಾಕಿದ ಎರಡು ವಲಯ ಮೊದಲಿನಿಂದಲೇ ಬೇರೆ ಥರ ಇರಬಹುದು. ನವೆಂಬರ್‌ನಿಂದ ಮಾರ್ಚ್ ಅಂದರೆ ಗಾಳಿ ಕಡಿಮೆ ಇರುವ ಕಾಲ. ಹಾಗಾಗಿ ಆ ಎರಡು ವಲಯವನ್ನು ಅವುಗಳ ಹಿಂದಿನ ತಿಂಗಳ ಜೊತೆಯೂ ಹೋಲಿಸಬೇಕು, ಅದೇ ತಿಂಗಳಲ್ಲಿ ಉಳಿದ ಐದು ವಲಯ ಹೇಗಿದ್ದವು ಅಂತಲೂ ನೋಡಬೇಕು.

```python
import numpy as np
import statsmodels.api as sm
import statsmodels.formula.api as smf

m = smf.glm("calls ~ storm + sunday + newbox + C(zone) + C(month)",
            data=d, offset=np.log(d["conn"]),
            family=sm.families.Poisson())
r = m.fit()
print(r.summary())
```

ಹೊಸ ಬಾಕ್ಸ್‌ನ ಗುಣಕ 0.13 ಬಂತು, ಲಾಗ್ ಬಿಚ್ಚಿದರೆ 1.14 ಪಟ್ಟು. ಆ 0.13 ಎಷ್ಟು ಆಚೀಚೆ ಇರಬಹುದು ಅನ್ನುವುದರ ಅಳತೆ, ಅಂದರೆ ಸ್ಟ್ಯಾಂಡರ್ಡ್ ಎರರ್, 0.05. ಅಂದರೆ ಶೇಕಡಾ 95ರ ವ್ಯಾಪ್ತಿ 1.03 ರಿಂದ 1.26. ಒಂದು ಅನ್ನುವ ಸಂಖ್ಯೆ ಆ ವ್ಯಾಪ್ತಿಯ ಹೊರಗೆ ಇದೆ. ಪುಸ್ತಕದ ಪ್ರಕಾರ ಬಾಕ್ಸ್‌ನಿಂದ ದೂರು ಜಾಸ್ತಿಯಾಗಿದೆ. ಮಾಲೀಕರು ಬಾಕ್ಸ್ ಕಳಿಸಿದವರಿಗೆ ಪತ್ರ ಬರೆಯಲು ಸಿದ್ಧರಾದರು.

ಪತ್ರ ತಡೆದ ಸಂಖ್ಯೆ

ಪಾಯ್ಸನ್‌ಗೂ ಒಂದು ಷರತ್ತು ಇದೆ. ಸರಾಸರಿ ಎಷ್ಟಿದೆಯೋ ಏರಿಳಿತದ ಅಳತೆಯಾದ ವೇರಿಯನ್ಸ್ ಕೂಡ ಅಷ್ಟೇ ಇರಬೇಕು. ಇದಕ್ಕೆ ಹೆಸರಾದ ಹಳೆಯ ಉದಾಹರಣೆ ಒಂದಿದೆ. 1898ರಲ್ಲಿ ಬೋರ್ಟ್‌ಕೀವಿಚ್ ಅನ್ನುವವರು ಪ್ರಷ್ಯಾದ ಸೈನ್ಯದಲ್ಲಿ ಕುದುರೆ ಒದ್ದು ಸತ್ತವರ ಲೆಕ್ಕ ಪ್ರಕಟಿಸಿದರು. 14 ದಳ, 20 ವರ್ಷ, ಒಟ್ಟು 280 ಸಾಲು, 196 ಸಾವು. ಸರಾಸರಿ 0.70, ವೇರಿಯನ್ಸ್ 0.76. ಎರಡೂ ಹತ್ತಿರ ಹತ್ತಿರ. ಹಾಗೆ ಆಗಲು ಕಾರಣ, ಒಂದು ಲಾಯದಲ್ಲಿ ಒಂದು ಕುದುರೆ ಒದ್ದದ್ದಕ್ಕೂ ಇನ್ನೊಂದು ಲಾಯದ ಕುದುರೆ ಒದೆಯುವುದಕ್ಕೂ ಸಂಬಂಧ ಇಲ್ಲ. ಪ್ರತಿ ಸಾವೂ ತನ್ನಷ್ಟಕ್ಕೆ ತಾನು ಬರುತ್ತದೆ.

ನಮ್ಮ ದೂರುಗಳು ಹಾಗೆ ಇವೆಯೇ ಅಂತ ನೋಡಲು ಒಂದೇ ಸಾಲು ಸಾಕು:

```python
print(r.pearson_chi2 / r.df_resid)
```

ಪಾಯ್ಸನ್ ಸರಿ ಇದ್ದರೆ ಇದು 1ರ ಹತ್ತಿರ ಬರಬೇಕು. ನಮಗೆ ಬಂದದ್ದು 4.2. ಅಂದರೆ ನಿಜವಾದ ವೇರಿಯನ್ಸ್ ಪಾಯ್ಸನ್ ಒಪ್ಪುವುದರ ನಾಲ್ಕು ಪಟ್ಟಿಗೂ ಜಾಸ್ತಿ. ನನ್ನ ಅಭಿಪ್ರಾಯದಲ್ಲಿ ಇಡೀ ಕೆಲಸದಲ್ಲಿ ತುಂಬ ಮುಖ್ಯವಾದ ಸಂಖ್ಯೆ ಇದೇ, ಮತ್ತು ಜನ ತುಂಬ ಸಲ ನೋಡದೆ ಬಿಡುವ ಸಂಖ್ಯೆಯೂ ಇದೇ.

ಇದು ದೊಡ್ಡದಿದ್ದರೆ ಗುಣಕಗಳು ದಾರಿ ತಪ್ಪಲೇಬೇಕೆಂದಿಲ್ಲ. ಆದರೆ ಸ್ಟ್ಯಾಂಡರ್ಡ್ ಎರರ್ ಸುಳ್ಳು ಹೇಳುತ್ತದೆ. ಅದು ತನಗೆ ಗೊತ್ತಿರುವುದಕ್ಕಿಂತ ಜಾಸ್ತಿ ಗೊತ್ತಿದೆ ಅನ್ನುತ್ತದೆ. ಸರಿಪಡಿಸುವ ಸರಳ ದಾರಿ, 4.2ರ ವರ್ಗಮೂಲದಿಂದ, ಅಂದರೆ ಸುಮಾರು 2.05ರಿಂದ, ಸ್ಟ್ಯಾಂಡರ್ಡ್ ಎರರ್ ಗುಣಿಸುವುದು. ಇದಕ್ಕೆ ಕ್ವಾಸಿ-ಪಾಯ್ಸನ್ ಅನ್ನುತ್ತಾರೆ. ಕೋಡ್‌ನಲ್ಲಿ `m.fit(scale="X2")` ಅಂತ ಕೊಟ್ಟರೆ ಸಾಕು.

ಪರಿಣಾಮ ಅದೇ 1.14 ಪಟ್ಟು. ಸ್ಟ್ಯಾಂಡರ್ಡ್ ಎರರ್ 0.10ರ ಮೇಲೆ ಹೋಯಿತು. ವ್ಯಾಪ್ತಿ ಈಗ 0.93 ರಿಂದ 1.39. ಬಾಕ್ಸ್‌ನಿಂದ ದೂರು ಸ್ವಲ್ಪ ಕಡಿಮೆಯಾಗಿರಬಹುದು, ಮೂರರಲ್ಲಿ ಒಂದು ಪಾಲಿಗಿಂತ ಜಾಸ್ತಿಯೂ ಆಗಿರಬಹುದು. ಇಂಥ ಉತ್ತರ ಇಟ್ಟುಕೊಂಡು ಇನ್ನೊಬ್ಬರ ಮಾಲು ಕೆಟ್ಟದ್ದು ಅಂತ ಪತ್ರ ಬರೆಯಲು ಬರುವುದಿಲ್ಲ. ಪತ್ರ ನಿಂತಿತು. ಗಾಳಿಯ ಪರಿಣಾಮ ಮಾತ್ರ ಎರಡು ಪಟ್ಟು ಎರರ್ ತೆಗೆದುಕೊಂಡರೂ ಅಲ್ಲಾಡಲಿಲ್ಲ.

ಇದೇ ಹೊತ್ತಿಗೆ ಇನ್ನೊಂದು ಸಲಹೆ ಬಂತು, ಇಲ್ಲೇ ಹೇಳಿಬಿಡುತ್ತೇನೆ. ಚಿಕ್ಕ ವಲಯದಲ್ಲಿ ಗಾಳಿ ಇಲ್ಲದ ಮಾಮೂಲು ದಿನಗಳಲ್ಲಿ ಸೊನ್ನೆ ದೂರಿನ ದಿನ ಶೇಕಡಾ 41 ಇದ್ದವು. ಸರಾಸರಿ 1.14 ಇರುವ ಪಾಯ್ಸನ್ ಪ್ರಕಾರ ಶೇಕಡಾ 32 ಇರಬೇಕಿತ್ತು. ಸೊನ್ನೆಗಳು ಜಾಸ್ತಿ ಇವೆ, ಸೊನ್ನೆಗಳಿಗೇ ಬೇರೆ ಸೂತ್ರ ಇರುವ ಮಾದರಿ ಹಾಕೋಣ ಅಂತ ಪರಿಚಯದ ಒಬ್ಬರು ಹೇಳಿದರು. ಹಾಗೆ ಮಾಡಲು ಕಾರಣ ಬೇಕು. ದೂರು ಬರಲು ಸಾಧ್ಯವೇ ಇಲ್ಲದ ದಿನ ಅಂತ ಒಂದು ಇದ್ದರೆ, ಉದಾಹರಣೆಗೆ ಆಫೀಸ್ ಫೋನೇ ಬಂದ್ ಇದ್ದ ದಿನ, ಆಗ ಅದು ಸರಿ. ಇಲ್ಲಿ ಹಾಗೆ ಇರಲಿಲ್ಲ. ಏರಿಳಿತ ಜಾಸ್ತಿ ಇರುವ ಎಣಿಕೆಯಲ್ಲಿ ಸಾಮಾನ್ಯವಾಗಿ ಸೊನ್ನೆಗಳೂ ಜಾಸ್ತಿ ಇರುತ್ತವೆ, ದೊಡ್ಡ ಸಂಖ್ಯೆಗಳೂ ಜಾಸ್ತಿ ಇರುತ್ತವೆ. ಸರಾಸರಿಗಿಂತ ವೇರಿಯನ್ಸ್ ದೊಡ್ಡದಿರಲು ಬಿಡುವ ನೆಗೆಟಿವ್ ಬೈನಾಮಿಯಲ್ ಅನ್ನುವ ಮಾದರಿ ಹಾಕಿದಾಗ ಸೊನ್ನೆಗಳ ಪಾಲು ತಾನಾಗಿಯೇ 41ರ ಹತ್ತಿರ ಬಂತು.

ಫೋನ್ ಎತ್ತುವವರು ಹೇಳಿದ್ದು

4.2 ಯಾಕೆ ಬಂತು ಅನ್ನುವ ಪ್ರಶ್ನೆ ಉಳಿದೇ ಇತ್ತು. ಎರರ್ ದೊಡ್ಡದು ಮಾಡಿ ಸುಮ್ಮನಾಗಬಹುದಿತ್ತು. ಆದರೆ ಇಷ್ಟು ಏರಿಳಿತಕ್ಕೆ ಕಾರಣ ಒಂದು ಇದ್ದೇ ಇರುತ್ತದೆ. ಅಂದಾಜಿಗಿಂತ ಅತಿ ದೂರ ಇದ್ದ ದಿನಗಳನ್ನು ಬೇರೆ ಮಾಡಿ ಒಂದು ಪಟ್ಟಿ ತೆಗೆದೆವು. ಮೇಲೆಯೇ ಇದ್ದದ್ದು ಜನವರಿಯ ಒಂದು ದಿನ. ಹೊಸ ಬಾಕ್ಸ್ ಹಾಕಿದ ವಲಯಗಳಲ್ಲಿ ಒಂದು. ದಿನಕ್ಕೆ ಎರಡು-ಮೂರು ದೂರು ಬರುವ ಕಡೆ ಅವತ್ತು 47.

ಪಟ್ಟಿಯನ್ನು ಫೋನ್ ಎತ್ತುವ ಅಕ್ಕನ ಮುಂದೆ ಇಟ್ಟೆ. ಅವರು ರಿಜಿಸ್ಟರ್ ತೆಗೆಯಲೂ ಇಲ್ಲ.

"ಅವು ನಲವತ್ತೇಳು ಕಂಪ್ಲೇಂಟ್ ಅಲ್ರಿ ಸರ, ಒಂದೇ. ಅವತ್ತು ಪೈಪ್ ಹಾಕಾಕ ರೋಡ್ ಅಗದಿದ್ರು, ಜೆಸಿಬಿ ನಮ್ಮ ಕೇಬಲ್ ಕಡೀತು. ಇಡೀ ಓಣಿ ಫೋನ್ ಮಾಡೇದ. ಒಬ್ಬಾಂವ ಅಂತೂ ಮೂರು ಸಲ ಮಾಡ್ಯಾನ."

ಲೆಕ್ಕದ ಗಂಟು ಬಿಚ್ಚಿದ್ದು ಇಲ್ಲಿ. ಪ್ರಷ್ಯಾದ ಕುದುರೆಗಳ ಹಾಗೆ ಈ ಫೋನ್‌ಗಳು ಒಂದಕ್ಕೊಂದು ಸಂಬಂಧ ಇಲ್ಲದವು ಆಗಿರಲಿಲ್ಲ. ಒಂದು ಕೇಬಲ್ ಕಡಿದರೆ ಒಂದು ಓಣಿ ಪೂರ್ತಿ ಒಟ್ಟಿಗೆ ಫೋನ್ ಮಾಡುತ್ತದೆ. ಪಾಯ್ಸನ್ ಮಾತ್ರ ಪ್ರತಿ ಫೋನನ್ನೂ ಹೊಸ ಸಾಕ್ಷಿ ಅಂತ ಎಣಿಸುತ್ತಿತ್ತು. ನಲವತ್ತೇಳು ಸಾಕ್ಷಿಗಳು ಬಾಕ್ಸ್ ವಿರುದ್ಧ ನಿಂತ ಹಾಗೆ ಕಂಡಿತು. ನಿಜಕ್ಕೂ ಇದ್ದದ್ದು ಒಂದೇ ಸಾಕ್ಷಿ, ಅದೂ ಜೆಸಿಬಿ ವಿರುದ್ಧ.

ಪಟ್ಟಿಯಲ್ಲಿ ಮುಂದಿನದು ಇನ್ನೊಂದು ಹೊಸ ಬಾಕ್ಸ್ ವಲಯದಲ್ಲಿ ಫೆಬ್ರವರಿಯ ಒಂದು ಕಡಿತ, 44 ಫೋನ್. ಈಗ ಲೆಕ್ಕ ನೋಡಿ. ನವೆಂಬರ್‌ನಿಂದ ಮಾರ್ಚ್‌ವರೆಗೆ ಈ ಎರಡು ವಲಯಗಳಲ್ಲಿ ಬರಬೇಕಿದ್ದ ದೂರು 680, ಬಂದದ್ದು 775. ಜಾಸ್ತಿ ಬಂದದ್ದು 95. ಎರಡು ಕಡಿತದ ಫೋನ್ ಸೇರಿಸಿದರೆ 91. ಶೇಕಡಾ 14 ಜಾಸ್ತಿ ಅನ್ನುವುದರಲ್ಲಿ ಬಹುಪಾಲು ಎರಡು ದಿನಗಳ ಕತೆ.

ಏನನ್ನು ಎಣಿಸಬೇಕು

ಆ ಎರಡು ದಿನಗಳನ್ನು ಅಳಿಸಿಬಿಡೋಣ ಅಂತ ಅಕೌಂಟೆಂಟ್ ಹೇಳಿದರು. ನಾನು ಒಪ್ಪಲಿಲ್ಲ. ಬಾಕ್ಸ್ ವಲಯದ ಕೆಟ್ಟ ದಿನಗಳನ್ನು ಮಾತ್ರ ಅಳಿಸಿದರೆ ಬಾಕ್ಸ್ ಒಳ್ಳೆಯದಾಗಿಯೇ ಕಾಣುತ್ತದೆ, ಉಳಿದ ವಲಯಗಳಲ್ಲೂ ಚಿಕ್ಕ ದೊಡ್ಡ ಕಡಿತ ಇದ್ದೇ ಇರುತ್ತವೆ. ಬದಲಿಗೆ ಎಣಿಸುವ ವಸ್ತುವನ್ನೇ ಎಲ್ಲ ಕಡೆ ಬದಲಿಸಿದೆವು. ಫೋನ್ ಬದಲು ಘಟನೆ. ಒಂದೇ ಲೈನಿನಿಂದ ಎರಡು ಗಂಟೆಯೊಳಗೆ ಬಂದ ಫೋನ್‌ಗಳು, ಮತ್ತು ಲೈನ್‌ಮನ್ ರಿಪೇರಿ ಚೀಟಿಯಲ್ಲಿ ಒಂದೇ ಕಾರಣ ಬರೆದಿದ್ದರೆ, ಎಲ್ಲ ಸೇರಿ ಒಂದು ಘಟನೆ. ಈ ನಿಯಮವನ್ನು ಮೊದಲೇ ಬರೆದಿಟ್ಟೆವು. ಗುಂಪು ಮಾಡುವಾಗ ಯಾವ ವಲಯಕ್ಕೆ ಯಾವ ಬಾಕ್ಸ್ ಅನ್ನುವ ಕಾಲಂ ಮುಚ್ಚಿಟ್ಟಿದ್ದೆವು. ಉತ್ತರ ನೋಡಿಕೊಂಡು ಗುಂಪು ಮಾಡಿದರೆ ಬೇಕಾದ ಉತ್ತರವೇ ಬರುತ್ತದೆ.

ವರ್ಷದ ರಿಜಿಸ್ಟರ್ ಕೂತು ವಿಂಗಡಿಸಿದ್ದು ಆ ಅಕ್ಕ. ಕೆಲಸದ ಹೆಚ್ಚಿನ ಪಾಲು ಇದೇ ಆಯಿತು. ಅದೇ ಪಾಯ್ಸನ್ ಸೂತ್ರ, ಅದೇ ಕಾಲಂ, `calls` ಜಾಗದಲ್ಲಿ ಘಟನೆಗಳ ಸಂಖ್ಯೆ. 4.2 ಇದ್ದದ್ದು 1.3ಕ್ಕೆ ಇಳಿಯಿತು. ಹೊಸ ಬಾಕ್ಸ್‌ನ ಪರಿಣಾಮ 1.01, ವ್ಯಾಪ್ತಿ 0.90 ರಿಂದ 1.13. ಗಾಳಿಯ ಪರಿಣಾಮ 1.7ರಿಂದ 1.45ಕ್ಕೆ ಇಳಿಯಿತು. ಅದೂ ಅರ್ಥವಾಗುವಂಥದ್ದೇ. ಗಾಳಿ ದಿನ ಒಂದು ಕಂಬ ಬಿದ್ದರೆ ಹತ್ತು ಮನೆಯವರು ಫೋನ್ ಮಾಡುತ್ತಾರೆ. ರಿಪೇರಿ ಕೆಲಸ ಫೋನ್‌ನಷ್ಟು ಏರುವುದಿಲ್ಲ.

ಬಾಕ್ಸ್ ನಿರಪರಾಧಿ ಅಂತ ಇದರಿಂದ ಸಾಬೀತಾಗಲಿಲ್ಲ, ಅದನ್ನು ಮಾಲೀಕರಿಗೆ ಬಿಡಿಸಿ ಹೇಳಬೇಕಾಯಿತು. 1.13 ಇನ್ನೂ ವ್ಯಾಪ್ತಿಯ ಒಳಗೇ ಇದೆ. ಬಾಕ್ಸ್‌ನಿಂದ ಶೇಕಡಾ ಹತ್ತು ಜಾಸ್ತಿ ಆಗುತ್ತಿದ್ದರೂ ಇಷ್ಟು ಡೇಟಾದಲ್ಲಿ ಅದು ಅಡಗಿ ಕೂರಬಹುದು. ಬಾಕ್ಸ್ ಹಾಕಿದ್ದು ಎರಡೇ ವಲಯದಲ್ಲಿ, ಐದೇ ತಿಂಗಳು. ಅವರು ಕೊನೆಗೆ ಮಾಡಿದ್ದು ಹೀಗೆ: ಮಾಲು ವಾಪಸ್ ಕಳಿಸಲಿಲ್ಲ, ಬಾಕಿ ಹಣ ಕೊಟ್ಟರು, ಆದರೆ ಉಳಿದ ವಲಯಗಳಿಗೆ ಒಮ್ಮೆಗೇ ಹಾಕುವ ಬದಲು ಪ್ರತಿ ವಲಯದಲ್ಲಿ ಅರ್ಧ ಮನೆಗಳಿಗೆ ಚೀಟಿ ಎತ್ತಿ ಹಾಕುವುದು ಅಂತ ತೀರ್ಮಾನಿಸಿದರು. ಆಗ ಒಂದೇ ವಲಯದಲ್ಲಿ, ಒಂದೇ ಗಾಳಿಯಲ್ಲಿ ಹೊಸ ಬಾಕ್ಸ್, ಹಳೆ ಬಾಕ್ಸ್ ಪಕ್ಕಪಕ್ಕ ಇರುತ್ತವೆ.

ಲೈನ್‌ಮನ್ ಪ್ರಶ್ನೆಗೂ ಘಟನೆಯ ಲೆಕ್ಕವೇ ಸರಿಹೋಯಿತು, ಯಾಕಂದರೆ ತಂಡ ಹೋಗುವುದು ಘಟನೆಗೆ. ನಲವತ್ತೇಳು ಫೋನ್ ಬಂದರೂ ಕೇಬಲ್ ಕೂಡಿಸಲು ಹೋಗುವುದು ಒಂದೇ ತಂಡ. ಸಾವಿರ ಕನೆಕ್ಷನ್‌ಗೆ ದಿನಕ್ಕೆ 2.5 ಘಟನೆ. ನಗರಕ್ಕೆ ಮಾಮೂಲು ದಿನ ಸರಾಸರಿ 10.5. ಒಂದು ತಂಡ ದಿನಕ್ಕೆ ಐದು ಮುಗಿಸುತ್ತದೆ. ಸರಾಸರಿ ನೋಡಿ ಎರಡು ತಂಡ ಇಟ್ಟರೆ ಹತ್ತಿರ ಹತ್ತಿರ ಅರ್ಧ ದಿನಗಳಲ್ಲಿ ಕೆಲಸ ಉಳಿಯುತ್ತದೆ. ಮೂರು ಇಟ್ಟರೆ ಹತ್ತರಲ್ಲಿ ಒಂಬತ್ತು ದಿನ ಅವತ್ತಿನದು ಅವತ್ತೇ ಮುಗಿಯುತ್ತದೆ. ಗಾಳಿ ದಿನ ಸರಾಸರಿ 15.2 ಆಗುತ್ತದೆ, ನಾಲ್ಕು ತಂಡ ಬೇಕು. ಚಿಂಚೋಳಿ ಕಡೆಯ ವಲಯದಲ್ಲಿ ಗಾಳಿ ದಿನವೂ ಸರಾಸರಿ 1.4ರ ಒಳಗೇ. ಹತ್ತರಲ್ಲಿ ಎಂಟು ಗಾಳಿ ದಿನ ಎರಡಕ್ಕಿಂತ ಜಾಸ್ತಿ ಇರುವುದಿಲ್ಲ, ಅಲ್ಲಿನ ಒಬ್ಬ ಲೈನ್‌ಮನ್ ಸಾಕು. ನಗರದಿಂದ ಬೈಕ್ ಕಳಿಸುವುದು ನಿಂತಿತು.

ಫೋನ್‌ಗಳ ಲೆಕ್ಕವನ್ನು ಎಸೆಯಲಿಲ್ಲ. ಎಷ್ಟು ಜನ ಫೋನ್ ಎತ್ತಲು ಬೇಕು ಅನ್ನುವ ಪ್ರಶ್ನೆಗೆ ಫೋನ್‌ನ ಸಂಖ್ಯೆಯೇ ಬೇಕು, ಅಲ್ಲಿ ನೆಗೆಟಿವ್ ಬೈನಾಮಿಯಲ್ ಉಳಿಸಿಕೊಂಡೆವು. ರಿಜಿಸ್ಟರಿನಲ್ಲಿ ಈಗ ಪ್ರತಿ ಫೋನ್ ಪಕ್ಕದಲ್ಲಿ ಘಟನೆ ಸಂಖ್ಯೆಗೆ ಒಂದು ಕಾಲಂ ಇದೆ.

ಒಂದು ಕೊರತೆ ಹಾಗೇ ಉಳಿದಿದೆ. ಸೂತ್ರ ಕಲಿತದ್ದು ನಿಜವಾಗಿ ಗಾಳಿ ಬೀಸಿದ ದಿನಗಳಿಂದ. ತಂಡ ನಿಗದಿ ಮಾಡುವುದು ಹಿಂದಿನ ಸಂಜೆ, ಹವಾಮಾನ ಇಲಾಖೆಯ ಮುನ್ಸೂಚನೆ ನೋಡಿ. ಅವರು ನೋಡುವುದು ಇಡೀ ಜಿಲ್ಲೆಯ ಮುನ್ಸೂಚನೆ, ಮಳೆ ಆಳಂದದಲ್ಲಿ ಸುರಿದು ಸೇಡಂನಲ್ಲಿ ಬಿಸಿಲು ಇರಬಹುದು. ಅದಕ್ಕೆ ಮುನ್ಸೂಚನೆಯನ್ನೂ ದಿನಾ ಬರೆದಿಡಲು ಹೇಳಿದ್ದೇವೆ. ಒಂದು ಬೇಸಿಗೆಯಷ್ಟು ಸಾಲುಗಳು ಸೇರಿದ ಮೇಲೆ `storm` ಕಾಲಂ ಜಾಗದಲ್ಲಿ ಅದನ್ನೇ ಇಟ್ಟು ಸೂತ್ರವನ್ನು ಮತ್ತೆ ಹಾಕಬೇಕು. ಗುಣಕ 1.45ಕ್ಕಿಂತ ಕಡಿಮೆಯೇ ಬರುತ್ತದೆ ಅನ್ನುವುದು ನನ್ನ ಅಂದಾಜು, ಯಾಕಂದರೆ ಗಾಳಿ ಬರುತ್ತದೆ ಅಂದ ದಿನಗಳಲ್ಲಿ ಕೆಲವು ದಿನ ಗಾಳಿ ಬರುವುದೇ ಇಲ್ಲ.